ಬಳ್ಳಾರಿ ಮೊದಲೋ, ಬಸವಕಲ್ಯಾಣ ಮೊದಲೋ?

ಊರಿನ ಹೆಸರುಗಳ ಒಂದು ಕಾಲಂ ತೆಗೆದುಕೊಳ್ಳೋಣ: ಬೀದರ್, ಬಳ್ಳಾರಿ, ಬ್ಯಾಡಗಿ, ಬೆಳಗಾವಿ, ಬಸವಕಲ್ಯಾಣ, ಬಂಟ್ವಾಳ, ಬಾಗಲಕೋಟೆ, ಬೆಂಗಳೂರು. ಇವನ್ನು ಕಂಪ್ಯೂಟರು ಒಳಗಿನ ಸಂಕೇತಗಳ ಕ್ರಮದಲ್ಲೇ ಜೋಡಿಸಿದರೆ ಬಂಟ್ವಾಳ, ಬಳ್ಳಾರಿ, ಬಸವಕಲ್ಯಾಣ, ಬಾಗಲಕೋಟೆ, ಬೀದರ್, ಬೆಂಗಳೂರು, ಬೆಳಗಾವಿ, ಬ್ಯಾಡಗಿ ಎಂದು ಬರುತ್ತದೆ. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿದೆ. ಸೊನ್ನೆಯ ಬಂಟ್ವಾಳ ಮೊದಲಿದೆ, ಕಾಗುಣಿತ ಬಾ, ಬೀ, ಬೆ ಎಂದು ಇಳಿದಿದೆ, ಒತ್ತಕ್ಷರದ ಬ್ಯಾಡಗಿ ಕೊನೆಗೆ ಕೂತಿದೆ. ತಪ್ಪಿರುವುದು ಒಂದೇ ಊರು. ಬಳ್ಳಾರಿ ಬಸವಕಲ್ಯಾಣದ ನಂತರ ಬರಬೇಕಿತ್ತು.

ಕನ್ನಡದ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಎಲ್ಲ ಮುಗಿದ ಮೇಲೆ ಳ ಬರುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದವರೆಲ್ಲರಿಗೂ ಇದು ಗೊತ್ತು. ಆದರೆ ಯೂನಿಕೋಡ್ ಪಟ್ಟಿಯಲ್ಲಿ ಳ ಕೂತಿರುವುದು ಲ ಮತ್ತು ವ ನಡುವೆ. ಲ ಅಕ್ಷರದ ಸಂಖ್ಯೆ 3250, ಳ 3251, ವ 3253, ಸ 3256, ಹ 3257. ಬರೀ ಸಂಖ್ಯೆ ನೋಡಿ ಜೋಡಿಸುವ ತಂತ್ರಾಂಶಕ್ಕೆ ಬಳ್ಳಾರಿಯ ಳ ಬಸವಕಲ್ಯಾಣದ ಸ ಅಕ್ಷರಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಳ ಅಲ್ಲಿಗೆ ಬಂದದ್ದರ ಹಿಂದೆ ಒಂದು ಇತಿಹಾಸವಿದೆ. ಯೂನಿಕೋಡಿಗೂ ಮೊದಲು ಭಾರತೀಯ ಭಾಷೆಗಳಿಗಾಗಿ ಇಸ್ಕಿ ಎಂಬ ಸಂಕೇತ ವ್ಯವಸ್ಥೆ ರೂಪುಗೊಂಡಿತ್ತು. ದೇವನಾಗರಿ, ಕನ್ನಡ, ತೆಲುಗು, ಬಂಗಾಳಿ ಎಲ್ಲ ಲಿಪಿಗಳಲ್ಲೂ ಒಂದೇ ಉಚ್ಚಾರದ ಅಕ್ಷರಕ್ಕೆ ಒಂದೇ ಜಾಗ ಎನ್ನುವುದು ಅದರ ತತ್ತ್ವ. ಒಂದು ಲಿಪಿಯ ಪಠ್ಯವನ್ನು ಇನ್ನೊಂದಕ್ಕೆ ಸಲೀಸಾಗಿ ಬದಲಿಸಲು ಅದು ಅನುಕೂಲವಾಗಿತ್ತು. ಅದರಲ್ಲಿ ಲ ಪಕ್ಕದಲ್ಲೇ ಳ ಇತ್ತು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ 1988ರ ಇಸ್ಕಿಯ ಈ ಸಮಾನಾಂತರ ಜೋಡಣೆಯನ್ನೇ ಉಳಿಸಿಕೊಂಡಿತು. ಅಕ್ಷರಗಳ ಸಂಖ್ಯೆ ಬೇರೆ, ಅಕಾರಾದಿ ಕ್ರಮ ಬೇರೆ ಎಂದು ಯೂನಿಕೋಡ್ ಸ್ಪಷ್ಟವಾಗಿಯೇ ಹೇಳುತ್ತದೆ. ವಿಂಗಡಣೆಗೆಂದೇ ಪ್ರತ್ಯೇಕ ನಿಯಮಾವಳಿಯನ್ನೂ ಇಟ್ಟಿದೆ, ಅದರಲ್ಲಿ ಳ ತನ್ನ ಜಾಗಕ್ಕೆ, ಅಂದರೆ ಹ ನಂತರಕ್ಕೆ ಬರುತ್ತದೆ. ಆ ನಿಯಮಾವಳಿಯನ್ನು ಬಳಸದೆ ಸಂಖ್ಯೆಯನ್ನೇ ನಂಬುವ ಕಡೆ ಮಾತ್ರ ತೊಂದರೆ.

ಈ ದೋಷ ಇಷ್ಟು ಕಾಲ ಕಣ್ಣಿಗೆ ಬೀಳದೆ ಉಳಿಯುವುದಕ್ಕೂ ಕಾರಣವಿದೆ. ಇಂದಿನ ಕನ್ನಡದಲ್ಲಿ ಳ ಅಕ್ಷರದಿಂದ ಶುರುವಾಗುವ ಪದ ಇಲ್ಲವೆಂದೇ ಹೇಳಬೇಕು. ಪಟ್ಟಿ ಸರಿಯಿದೆಯೇ ಎಂದು ನೋಡುವವರು ಸಾಮಾನ್ಯವಾಗಿ ಪದಗಳ ಮೊದಲ ಅಕ್ಷರದ ಮೇಲೆ ಕಣ್ಣಾಡಿಸುತ್ತಾರೆ. ಅಲ್ಲಿ ತಪ್ಪು ಸಿಗುವುದೇ ಇಲ್ಲ. ಅದು ಅಡಗಿರುವುದು ಎರಡನೆಯ, ಮೂರನೆಯ ಅಕ್ಷರದಲ್ಲಿ. ಹಳ್ಳಿ, ಬೆಳೆ, ಮಳೆ, ಕಳೆ, ಹೊಳೆ ಎಂದು ದಿನಬಳಕೆಯ ಮಾತಿನ ತುಂಬ ಳ ಇರುವಾಗ ಸಾವಿರ ಪದಗಳ ಪಾರಿಭಾಷಿಕ ಕೋಶದಲ್ಲೋ ಪುಸ್ತಕದ ಪದಸೂಚಿಯಲ್ಲೋ ಎಷ್ಟು ಪದ ದಾರಿ ತಪ್ಪಿರಬಹುದು ಯೋಚಿಸಿ. ಓದುಗ ‘ಮಳೆ’ಯನ್ನು ‘ಮಸಿ’ಯ ನಂತರ ಹುಡುಕುತ್ತಾನೆ. ಅಲ್ಲಿ ಸಿಗದಿದ್ದರೆ ಆ ಪದವೇ ಕೋಶದಲ್ಲಿಲ್ಲ ಎಂದು ಮುಚ್ಚಿಡುತ್ತಾನೆ.

ಎರಡನೆಯ ತೊಡಕು ಸೊನ್ನೆಯದು. ನಮ್ಮ ಕ್ರಮದಲ್ಲಿ ಅಂ, ಅಃ ಸ್ವರಗಳ ನಂತರ, ಕ ಅಕ್ಷರಕ್ಕಿಂತ ಮೊದಲು. ಹಾಗಾಗಿ ಅಂಚೆ ಮೊದಲು, ಅಕ್ಕಿ ಆಮೇಲೆ. ಯೂನಿಕೋಡಿನ ಸಾಮಾನ್ಯ ವಿಂಗಡಣಾ ನಿಯಮ ಸೊನ್ನೆಯನ್ನು ಪೂರ್ಣ ಅಕ್ಷರವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಪಕ್ಕದ ಅಕ್ಷರಕ್ಕೆ ಅಂಟಿದ ಗುರುತು ಎಂದಷ್ಟೇ ನೋಡುತ್ತದೆ. ಕನ್ನಡಕ್ಕೆಂದೇ ಇರುವ ನಿಯಮ ಸೇರಿದಾಗ ಮಾತ್ರ ಅದು ಔ ನಂತರದ ಸ್ಥಾನಕ್ಕೆ ಬರುತ್ತದೆ. ಭಾಷೆ ಇಂಗ್ಲಿಷ್ ಎಂದಿದ್ದರೆ ಅಂಚೆಯನ್ನು ‘ಅಚೆ’ ಎಂಬಂತೆ ಓದಿ ಅಕ್ಕಿಯ ಕೆಳಗೆ ಇಳಿಸಿಬಿಡುತ್ತದೆ.

ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ಖಾಲಿ ಶೀಟಿನಲ್ಲಿ ಅಕ್ಕಿ, ಅಂಚೆ, ಹಳ್ಳಿ, ಹಸಿರು ಎಂಬ ನಾಲ್ಕು ಪದ ಟೈಪಿಸಿ ಸಾರ್ಟ್ ಮಾಡಿ. ಅಂಚೆ, ಅಕ್ಕಿ, ಹಸಿರು, ಹಳ್ಳಿ ಎಂದು ಬಂದರೆ ನಿಮ್ಮ ತಂತ್ರಾಂಶಕ್ಕೆ ಕನ್ನಡದ ಕ್ರಮ ಗೊತ್ತಿದೆ. ಹಳ್ಳಿ ಹಸಿರಿಗಿಂತ ಮೇಲಿದ್ದರೆ ಅದು ಬರೀ ಸಂಖ್ಯೆ ನೋಡುತ್ತಿದೆ. ಅಕ್ಕಿ ಅಂಚೆಗಿಂತ ಮೇಲಿದ್ದರೆ ಕನ್ನಡದ ನಿಯಮ ಜಾರಿಯಲ್ಲಿಲ್ಲ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಭಾಷೆಯನ್ನು ನಾವೇ ಆರಿಸಬಹುದು. ಇಡೀ ಕೋಷ್ಟಕವನ್ನು ಆಯ್ದು Data, ಅದರೊಳಗೆ Sort ತೆರೆದು, Options ಪುಟದಲ್ಲಿ Language ಎಂಬಲ್ಲಿ Kannada ಆರಿಸಿದರಾಯಿತು. ಎಕ್ಸೆಲ್‌ನ ಸಾರ್ಟ್ ಕಿಟಕಿಯಲ್ಲಿ ಹೀಗೆ ಭಾಷೆ ಆರಿಸುವ ಅವಕಾಶವಿಲ್ಲ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಏನಿದೆಯೋ ಅದರ ಕ್ರಮವನ್ನು ಅದು ಹಿಡಿಯುತ್ತದೆ. ಆದ್ದರಿಂದ ಒಂದೇ ಫೈಲು ಎರಡು ಯಂತ್ರಗಳಲ್ಲಿ ಬೇರೆ ಬೇರೆಯಾಗಿ ಜೋಡಣೆಯಾಗಬಹುದು. ಇಂಥ ಕಡೆ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಪ್ರತಿ ಪದಕ್ಕೂ ಅಂಕಿಗಳ ಒಂದು ಕೀಲಿ ತಯಾರಿಸಿಕೊಂಡು ಅದರ ಮೇಲೆ ಸಾರ್ಟ್ ಮಾಡುವುದೇ ಭದ್ರವಾದ ದಾರಿ. ಪದ A2 ಕೋಶದಲ್ಲಿದ್ದರೆ ಹೊಸ ಎಕ್ಸೆಲ್‌ನಲ್ಲಿ ಈ ಸೂತ್ರ ಸಾಕು:

```
=LET(s,SUBSTITUTE(SUBSTITUTE(SUBSTITUTE(TRIM(A2),
UNICHAR(8204),""),UNICHAR(8205),""),"ಳ",UNICHAR(3261)),
"k"&CONCAT(TEXT(UNICODE(MID(s,SEQUENCE(LEN(s)),1)),"00000")))
```

ಇದು ಮಾಡುವ ಕೆಲಸ ಇಷ್ಟೇ. ಪದದ ಪ್ರತಿ ಅಕ್ಷರ, ಪ್ರತಿ ಕಾಗುಣಿತ ಚಿಹ್ನೆಯನ್ನೂ ಐದಂಕಿಯ ಸಂಖ್ಯೆಯಾಗಿ ಸಾಲಾಗಿ ಬರೆಯುತ್ತದೆ. ಳ ಇದ್ದ ಕಡೆ ಮಾತ್ರ 3251ರ ಬದಲು 3261 ಹಾಕುತ್ತದೆ. 3261 ಅವಗ್ರಹದ ಸಂಖ್ಯೆ. ಸಾಮಾನ್ಯ ಪದಗಳಲ್ಲಿ ಅವಗ್ರಹ ಬಾರದಿರುವುದರಿಂದ ಅದನ್ನು ಎರವಲು ಪಡೆಯಬಹುದು. ಆ ಜಾಗ ಹೇಳಿ ಮಾಡಿಸಿದಂತಿದೆ: ಹ 3257, ದೀರ್ಘದ ಚಿಹ್ನೆ 3262. ಹೀಗಾಗಿ ಬ ನಂತರ ಬಸವಕಲ್ಯಾಣಕ್ಕೆ 3256, ಬಳ್ಳಾರಿಗೆ 3261, ಬಾಗಲಕೋಟೆಗೆ 3262 ಬಂದು ಮೂರೂ ತಮ್ಮ ತಮ್ಮ ಸ್ಥಾನಕ್ಕೆ ಸೇರುತ್ತವೆ. ಸೊನ್ನೆಯ ಸಂಖ್ಯೆ 3202, ಎಲ್ಲ ವ್ಯಂಜನಗಳಿಗಿಂತ ಕಡಿಮೆ. ಒತ್ತಕ್ಷರದ ಚಿಹ್ನೆ 3277, ಔತ್ವಕ್ಕಿಂತಲೂ ಹೆಚ್ಚು. ಅವೆರಡನ್ನೂ ಮುಟ್ಟಬೇಕಾಗಿಲ್ಲ. ಮೊದಲಿಗೆ ಹಾಕಿರುವ k ಅಕ್ಷರ, ಎಕ್ಸೆಲ್ ಈ ಕೀಲಿಯನ್ನು ಸಂಖ್ಯೆಯೆಂದು ತಿಳಿಯದಿರಲಿ ಎಂದು. 8204, 8205 ಎಂಬವು ಕಣ್ಣಿಗೆ ಕಾಣದ ಜೋಡಕಗಳು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ಬೇರೆಯಾಗಿ ನಿಲ್ಲುವುದು 8204ರಿಂದಲೇ. ಇವೆರಡನ್ನೂ ತೆಗೆಯದಿದ್ದರೆ ಕ್ರಮ ಕೆಡುತ್ತದೆ.

ಸೂತ್ರವೂ ನಿಭಾಯಿಸಲಾರದ ಎರಡು ಸಂಗತಿಗಳಿವೆ. ಮೊದಲನೆಯದು ಟೈಪಿಸಿದವರು ಸೊನ್ನೆಯ ಬದಲು ಕನ್ನಡದ ಅಂಕಿ ೦ ಒತ್ತಿರುವುದು. ನೋಡಲು ಎರಡೂ ಒಂದೇ, ಆದರೆ ಅಂಕಿಯ ಸಂಖ್ಯೆ 3302, ಹಾಗಾಗಿ ‘ಅ೦ಚೆ’ ಎಲ್ಲ ಅಕಾರದ ಪದಗಳ ಕೊನೆಗೆ ಹೋಗಿ ಬೀಳುತ್ತದೆ. ವಿಂಗಡಿಸುವ ಮೊದಲು ಹುಡುಕಿ ಬದಲಿಸುವುದೇ ಇದಕ್ಕೆ ಮದ್ದು. ಎರಡನೆಯದು ಹಳೆಯ ನುಡಿ, ಬರಹ ಫಾಂಟುಗಳಲ್ಲಿರುವ ದಾಖಲೆ. ಅದರಲ್ಲಿ ‘ಕನ್ನಡ’ ಎಂಬುದು ಒಳಗೆ PÀ£ÀßqÀ ಎಂದಿರುತ್ತದೆ, ತೆರೆಯ ಮೇಲಷ್ಟೇ ಕನ್ನಡವಾಗಿ ಕಾಣುತ್ತದೆ. ಅಂಥ ಕಾಲಂ ರೋಮನ್ ಚಿಹ್ನೆಗಳ ಕ್ರಮದಲ್ಲಿ ಜೋಡಣೆಯಾಗುತ್ತದೆ. ಕೋಶದ ಫಾಂಟನ್ನು ಬದಲಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು, ಬೇರೆ ದಾರಿಯಿಲ್ಲ.

ಪದಕೋಶ, ಗ್ರಂಥಸೂಚಿ, ಹಾಜರಿ ಪಟ್ಟಿ, ಏನನ್ನೇ ಆಗಲಿ ಸಿದ್ಧಪಡಿಸುತ್ತಿರುವವರಲ್ಲಿ ಒಂದು ವಿನಂತಿ: ಅಚ್ಚಿಗೆ ಕಳಿಸುವ ಮೊದಲು ಳ ಇರುವ ಒಂದಿಷ್ಟು ಪದಗಳನ್ನು ಆರಿಸಿ, ಅವು ವ, ಶ, ಸ, ಹ ಇರುವ ಪದಗಳ ಕೆಳಗೇ ಇವೆಯೇ ಎಂದು ದಯವಿಟ್ಟು ನೋಡಿಬಿಡಿ.