ಅರ್ಧ ಹೊತ್ತು ನಿಮ್ಮದು, ಅರ್ಧ ಹೊತ್ತು ನಮ್ಮದು

ಬ್ಯಾಂಕ್ ನೌಕರಿಯಲ್ಲಿ ವರ್ಗಾವಣೆ ಎಂದರೆ ಎಷ್ಟೋ ಸಲ ಊರಿನ ಜೊತೆ ಭಾಷೆಯೂ ಬದಲಾದಂತೆ. ಕಾನ್ಪುರದಿಂದ ಬಂದ ಹೊಸ ಅಧಿಕಾರಿ ದಾವಣಗೆರೆ ಕಡೆಯ ಶಾಖೆಯೊಂದರಲ್ಲಿ ಬೆಳೆ ಸಾಲದ ಮೇಜಿಗೆ ಕೂರುತ್ತಾರೆ. ಎದುರಿಗೆ ಬಂದು ನಿಲ್ಲುವ ರೈತರಿಗೆ ಹಿಂದಿ ಬಾರದು, ಇವರಿಗೆ ಕನ್ನಡ ಬಾರದು. ಅದೇ ಶಾಖೆಯ ಕ್ಯಾಶ್ ಕೌಂಟರಿನಲ್ಲಿರುವ ಊರಿನ ಹೆಣ್ಣುಮಗಳು ಬಡ್ತಿ ಪರೀಕ್ಷೆಗೆ ಓದುತ್ತಿದ್ದಾರೆ. ಅಧಿಕಾರಿಯಾದರೆ ಹಿಂದಿ ಸೀಮೆಗೆ ಹಾಕಬಹುದು ಎಂಬುದು ಅವರಿಗೆ ಗೊತ್ತು. ಸಿನಿಮಾ ನೋಡಿ ಕಲಿತ ಹಿಂದಿ ಅರ್ಥವಾಗುವಷ್ಟಿದೆ, ಬಾಯಿಬಿಟ್ಟರೆ ತಡವರಿಸುತ್ತದೆ. ಇಬ್ಬರೂ ಸೇರಿ ಶನಿವಾರ ಒಂದು ಗಂಟೆ ಕೂತು ನೀವು ನನಗೆ ಕನ್ನಡ, ನಾನು ನಿಮಗೆ ಹಿಂದಿ ಎಂದು ಒಪ್ಪಂದ ಮಾಡಿಕೊಂಡರೆ ಇಬ್ಬರಿಗೂ ಲಾಭವೇ. ಫೀಸಿಲ್ಲ, ಪುಸ್ತಕವೂ ಇಲ್ಲದಿದ್ದರೆ ನಡೆಯುತ್ತದೆ.

ಈ ಪದ್ಧತಿಯನ್ನು ಯುರೋಪಿನಲ್ಲಿ ವ್ಯವಸ್ಥಿತವಾಗಿ ಬೆಳೆಸಿದವರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯವರು ಮುಖ್ಯರು. ಎರಡು ಮಹಾಯುದ್ಧಗಳಲ್ಲಿ ಬಡಿದಾಡಿದ ಈ ದೇಶಗಳು 1963ರಲ್ಲಿ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿ, ಎರಡೂ ಕಡೆಯ ಯುವಜನರನ್ನು ಕೂಡಿಸಲು ಜಂಟಿ ಕಚೇರಿಯೊಂದನ್ನು ತೆರೆದವು. ಅಲ್ಲಿನ ಶಿಬಿರಗಳಲ್ಲಿ ಒಬ್ಬ ಫ್ರೆಂಚನಿಗೆ ಒಬ್ಬ ಜರ್ಮನನನ್ನು ಜೋಡಿ ಮಾಡಿ ಕಲಿಸುವ ಕ್ರಮ ಬೆಳೆಯಿತು. ಇದಕ್ಕೆ ಟ್ಯಾಂಡೆಮ್ ಎಂದು ಹೆಸರು. ಮುಂದೆ ಜರ್ಮನಿಯ ಬೋಕುಮ್ ವಿಶ್ವವಿದ್ಯಾಲಯದ ಹೆಲ್ಮುಟ್ ಬ್ರಾಮರ್ಟ್ಸ್ ಮುಂತಾದವರು ಇದರ ನಿಯಮಗಳನ್ನು ಎರಡಕ್ಕೆ ಇಳಿಸಿದರು: ಪಡೆದಷ್ಟು ಕೊಡಬೇಕು, ಏನು ಕಲಿಯಬೇಕು, ಹೇಗೆ ಕಲಿಯಬೇಕು ಎಂಬುದನ್ನು ಕಲಿಯುವವರೇ ತೀರ್ಮಾನಿಸಬೇಕು. ಕೇಳಲು ಸುಲಭವಾದ ಈ ಎರಡು ಮಾತು ನಮ್ಮ ಬ್ಯಾಂಕಿನ ಜೋಡಿಯ ನಡುವೆ ಹೇಗೆ ಜಾರುತ್ತವೆ ಎಂಬುದೇ ನೋಡತಕ್ಕದ್ದು.

ಮೊದಲ ಶನಿವಾರ ಕನ್ನಡದಲ್ಲೇ ಶುರುವಾಗುತ್ತದೆ. ಅಧಿಕಾರಿಗೆ ಹತ್ತು ವಾಕ್ಯ ಮುಗಿಯುವಷ್ಟರಲ್ಲಿ ಕನ್ನಡ ಖಾಲಿ. ಕ್ಯಾಶಿಯರ್ ಸಹಾಯಕ್ಕೆಂದು ಒಂದು ಮಾತನ್ನು ಹಿಂದಿಯಲ್ಲಿ ಹೇಳುತ್ತಾರೆ, ಅಧಿಕಾರಿ ಹಿಂದಿಯಲ್ಲೇ ಉತ್ತರಿಸುತ್ತಾರೆ, ಅಲ್ಲಿಂದ ಮುಂದೆ ಮಾತು ಹಿಂದಿಯಲ್ಲೇ ಹರಿಯುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಇಬ್ಬರಿಗೂ ಯಾವ ಭಾಷೆಯಲ್ಲಿ ಮಾತು ಸಲೀಸೋ ಅತ್ತ ಜಾರುವುದು ಸಹಜ. ಬೇರೆ ಜೋಡಿಗಳಲ್ಲಿ ಇದೇ ಜಾರಿಕೆ ಇಂಗ್ಲಿಷಿನತ್ತ ಆಗುತ್ತದೆ. ಎದುರಿನವರ ಭಾಷೆಗೆ ಬೇಗ ಹೊರಳಿಕೊಳ್ಳುವ ಅಭ್ಯಾಸ ನಮ್ಮವರಲ್ಲಿ ಬೇರೆ ಇದೆಯಲ್ಲ. ಗಂಟೆ ಮುಗಿದಾಗ ಲೆಕ್ಕ ಹಾಕಿದರೆ ಹಿಂದಿಗೆ ನಲವತ್ತೈದು ನಿಮಿಷ, ಕನ್ನಡಕ್ಕೆ ಹದಿನೈದು. ಕ್ಯಾಶಿಯರ್‌ಗೆ ಇದು ಲಾಭದಂತೆ ಕಾಣಬಹುದು. ಆದರೆ ಅಧಿಕಾರಿಗೆ ನಾಲ್ಕಾರು ವಾರದಲ್ಲಿ ಬೇಸರ ಬಂದು ಶನಿವಾರ ಬೇರೆ ಕೆಲಸ ನೆನಪಾಗತೊಡಗುತ್ತದೆ. ಜೋಡಿ ಮುರಿಯುವುದು ಹೀಗೆ, ಜಗಳವಿಲ್ಲದೆ.

ಇದಕ್ಕೆ ಮದ್ದು ಭಾಷೆಗಳನ್ನು ಬೆರೆಸದೆ ಹೊತ್ತನ್ನು ಹೋಳು ಮಾಡುವುದು. ಒಂದು ಗಂಟೆಯಿದ್ದರೆ ಇಪ್ಪತ್ತೈದು ನಿಮಿಷ ಬರೀ ಕನ್ನಡ, ಇಪ್ಪತ್ತೈದು ನಿಮಿಷ ಬರೀ ಹಿಂದಿ, ಪ್ರತಿ ಹೋಳಿನ ಕೊನೆಗೆ ತಿದ್ದುಪಡಿಗೆಂದು ಐದೈದು ನಿಮಿಷ. ಮೊಬೈಲಿನಲ್ಲಿ ಅಲಾರಂ ಇಟ್ಟರೆ ‘ಸಾಕು, ಇನ್ನು ನನ್ನ ಸರದಿ’ ಎಂದು ಹೇಳುವ ಮುಜುಗರ ಯಾರಿಗೂ ಇರದು. ಮಾತು ರಂಗೇರಿದ್ದರೂ ಗಂಟೆ ಹೊಡೆದಾಗ ಭಾಷೆ ಬದಲಾಯಿಸಬೇಕು. ಉಳಿದ ಮಾತನ್ನು ಇನ್ನೊಂದು ಭಾಷೆಯಲ್ಲಿ ಮುಂದುವರಿಸಿದರಾಯಿತು. ಯಾವ ಭಾಷೆ ಮೊದಲು ಎಂಬುದು ವಾರವಾರ ಅದಲುಬದಲಾಗಲಿ. ಎರಡನೆಯ ಹೋಳಿಗೆ ಬರುವಷ್ಟರಲ್ಲಿ ತಲೆ ದಣಿದಿರುತ್ತದೆ, ಯಾರಿಗೋ ಫೋನ್ ಬರುತ್ತದೆ, ಮನೆಗೆ ಹೊರಡುವ ಅವಸರವಿರುತ್ತದೆ. ಕತ್ತರಿ ಬೀಳುವುದು ಯಾವಾಗಲೂ ಎರಡನೆಯದಕ್ಕೆ. ಹತ್ತು ನಿಮಿಷ ತಡವಾಗಿ ಶುರುವಾದರೆ ಎರಡೂ ಹೋಳಿನಿಂದ ಐದೈದು ಕಳೆಯಬೇಕು. ಒಂದು ವಾರ ಹಿಂದಿಯೇ ಹೆಚ್ಚಾಯಿತೆಂದರೆ ಬ್ಯಾಂಕಿನವರಿಗೆ ಹೇಳಿಕೊಡಬೇಕೆ? ಅಷ್ಟು ನಿಮಿಷ ಕನ್ನಡದ ಖಾತೆಗೆ ಜಮಾ ಮಾಡಿ ಮುಂದಿನ ವಾರ ತೀರಿಸಿದರಾಯಿತು.

ಅಧಿಕಾರಿಗೆ ಕನ್ನಡ ಇನ್ನೂ ಎಳಸು, ಇಪ್ಪತ್ತೈದು ನಿಮಿಷ ಹೇಗೆ ತುಂಬುವುದು ಎಂಬ ಪ್ರಶ್ನೆ ಬರುತ್ತದೆ. ಆಗ ಹೊತ್ತು ಕಡಿಮೆ ಮಾಡಬಾರದು, ಕೆಲಸ ಬದಲಾಯಿಸಬೇಕು. ಹಿಂದಿಯ ಹೋಳಿನಲ್ಲಿ ಮನಸ್ಸಿಗೆ ಬಂದ ವಿಷಯ ಮಾತಾಡಬಹುದು. ಕನ್ನಡದ ಹೋಳಿನಲ್ಲಿ ಕ್ಯಾಶಿಯರ್ ರೈತರಾಗಿ ಬಂದು ಮೇಜಿನ ಮುಂದೆ ನಿಲ್ಲಲಿ: ‘ಬೆಳೆ ಸಾಲ ಬೇಕಾಗಿತ್ರೀ ಮೇಡಂ.’ ಅಧಿಕಾರಿ ಪಹಣಿ ಕೇಳಬೇಕು, ಎಷ್ಟು ಎಕರೆ, ಯಾವ ಬೆಳೆ, ಹಳೆಯ ಸಾಲ ಇದೆಯೇ ಎಂದು ವಿಚಾರಿಸಬೇಕು. ಅದೇ ಪ್ರಸಂಗವನ್ನು ಮೂರು ಸಲ, ಒಮ್ಮೆ ಮೆಕ್ಕೆಜೋಳ, ಒಮ್ಮೆ ಭತ್ತ, ಒಮ್ಮೆ ಅಡಿಕೆ ಎಂದು ಬದಲಿಸುತ್ತ ಆಡಿದರೆ ಹೊತ್ತು ಹೋಗಿದ್ದೇ ತಿಳಿಯದು. ಪದ ಸಿಗದೆ ಸಿಕ್ಕಿಬಿದ್ದರೆ ‘ಇದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಕನ್ನಡದಲ್ಲೇ ಕೇಳುವುದನ್ನು ಮೊದಲ ದಿನವೇ ಬಾಯಿಪಾಠ ಮಾಡಿಕೊಂಡಿರಬೇಕು. ಉತ್ತರ ಹಿಂದಿಯಲ್ಲಿ ಒಂದು ಪದ ಬರಲಿ, ಅಷ್ಟರಲ್ಲೇ ಕನ್ನಡಕ್ಕೆ ವಾಪಸು.

ಗಡಿಯಾರ ಸರಿಯಾದರೂ ಅನ್ಯಾಯ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಕನ್ನಡದ ಇಪ್ಪತ್ತೈದು ನಿಮಿಷದಲ್ಲಿ ಇಪ್ಪತ್ತು ನಿಮಿಷ ಕ್ಯಾಶಿಯರೇ ಮಾತಾಡಿ, ಅಧಿಕಾರಿ ‘ಹೌದು, ಹೌದಾ’ ಎಂದು ಕೂತರೆ ಹೊತ್ತು ಕನ್ನಡದ ಲೆಕ್ಕಕ್ಕೆ ಬಿದ್ದಿದ್ದರೂ ಕಲಿಕೆ ಬಿದ್ದಿಲ್ಲ. ಮಾತೃಭಾಷೆಯವರಿಗೆ ಮಾತು ಸರಾಗ, ಮೌನ ತುಂಬುವ ಚಪಲವೂ ಹೆಚ್ಚು. ಪರೀಕ್ಷಿಸಲು ಸುಲಭದ ದಾರಿಯಿದೆ. ಇಬ್ಬರ ಒಪ್ಪಿಗೆಯಿಂದ ಒಂದು ದಿನದ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕೇಳಬೇಕು. ಕಲಿಯುವವರ ದನಿ ಅರ್ಧಕ್ಕಿಂತ ಕಡಿಮೆ ಕೇಳಿಸಿದರೆ ಕಲಿಸುವವರು ಕಥೆ ಹೇಳುವುದು ಬಿಟ್ಟು ಪ್ರಶ್ನೆ ಕೇಳುವುದಕ್ಕೆ ಬರಬೇಕು, ಕೇಳಿದ ಮೇಲೆ ಕಾಯಬೇಕು. ಐದು ಸೆಕೆಂಡಿನ ಮೌನ ಕೂತವರಿಗೆ ಯುಗದಂತೆ ಅನ್ನಿಸುತ್ತದೆ, ಆದರೆ ವಾಕ್ಯ ಕಟ್ಟುತ್ತಿರುವವರಿಗೆ ಅದು ಬೇಕೇ ಬೇಕು.

ಇನ್ನು ತಿದ್ದುವ ವಿಚಾರ. ಇಲ್ಲಿ ನಮ್ಮ ಜೋಡಿಗೆ ವಿಶೇಷ ತೊಡಕೊಂದಿದೆ: ಕೆಲಸದಲ್ಲಿ ಒಬ್ಬರು ಮೇಲಧಿಕಾರಿ, ವಯಸ್ಸಿನಲ್ಲಿ ಇನ್ನೊಬ್ಬರು ಹಿರಿಯರು. ಕ್ಯಾಶಿಯರ್‌ಗೆ ಅಧಿಕಾರಿಯ ತಪ್ಪು ಹೇಳಲು ಸಂಕೋಚ, ಅಧಿಕಾರಿಗೆ ಹಿರಿಯರನ್ನು ತಿದ್ದಲು ಸಂಕೋಚ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ತಪ್ಪೂ ಉಳಿಯುತ್ತದೆ. ಹಾಗಾಗಿ ಏನನ್ನು ತಿದ್ದಬೇಕೆಂದು ಕಲಿಯುವವರೇ ಮೊದಲು ಕೇಳಿಕೊಳ್ಳಬೇಕು. ‘ಮೇಡಂ, ಈ ವಾರ ನನ್ನ ಕ್ರಿಯಾಪದದ ಕೊನೆ ಮಾತ್ರ ನೋಡಿ’ ಎಂದು ಅಧಿಕಾರಿಯೇ ಹೇಳಿದರೆ ತಿದ್ದುವುದು ಅಧಿಕಪ್ರಸಂಗವಾಗದೆ ಒಪ್ಪಿಕೊಂಡ ಕೆಲಸವಾಗುತ್ತದೆ.

ತಪ್ಪುಗಳು ಹೇಗಿರುತ್ತವೆ ನೋಡಿ. ಅಧಿಕಾರಿ ‘ಹರಿಹರದ ಬಸ್ ಬಂದ’ ಎನ್ನುತ್ತಾರೆ. ಹಿಂದಿಯಲ್ಲಿ ವಸ್ತುಗಳೂ ಗಂಡು ಇಲ್ಲವೆ ಹೆಣ್ಣು, ಕನ್ನಡದಂತೆ ನಪುಂಸಕ ಲಿಂಗವಿಲ್ಲ; ‘ಬಂತು’ ಎಂಬುದು ನಾಲಗೆಗೆ ಬೇಗ ಹತ್ತದು. ಕ್ಯಾಶಿಯರ್ ತಮ್ಮ ಸರದಿಯಲ್ಲಿ ‘ಬಸ್ ಆಯಾ’ ಎನ್ನುತ್ತಾರೆ. ಹಿಂದಿಯಲ್ಲಿ ಬಸ್ಸು ಹೆಣ್ಣು, ‘ಬಸ್ ಆಯೀ’ ಎನ್ನಬೇಕು. ಅಧಿಕಾರಿ ‘ಇದು ನಿಮ್ಮ ಪಾಸ್‌ಬುಕ್ ಇದೆ’ ಎಂದು ಕೊನೆಗೊಂದು ‘ಇದೆ’ ಅಂಟಿಸುತ್ತಾರೆ, ಹಿಂದಿಯ ‘ಹೈ’ ಅಲ್ಲಿಂದ ಇಣುಕುತ್ತಿರುತ್ತದೆ. ಕ್ಯಾಶಿಯರ್ ‘ಮೈ ಖಾನಾ ಖಾಯಾ’ ಎಂದು ‘ನೇ’ ನುಂಗುತ್ತಾರೆ. ಇವೆಲ್ಲ ಅರ್ಥ ಕೆಡಿಸದ ತಪ್ಪುಗಳು. ಇಂಥವಕ್ಕೆ ಮಾತಿನ ನಡುವೆ ಬಾಯಿ ಹಾಕಬಾರದು. ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಳಿನ ಕೊನೆಯ ಐದು ನಿಮಿಷದಲ್ಲಿ ಹೇಳಬೇಕು. ಅದರಲ್ಲೂ ಮತ್ತೆ ಮತ್ತೆ ಬಂದ ಮೂರು ನಾಲ್ಕು ಸಾಕು. ಇಪ್ಪತ್ತು ತಪ್ಪಿನ ಪಟ್ಟಿ ಕೈಗೆ ಸಿಕ್ಕವರು ಮುಂದಿನ ವಾರ ಬಾಯಿ ತೆರೆಯುವುದಿಲ್ಲ.

ತಕ್ಷಣ ತಡೆಯಬೇಕಾದವು ಎರಡೇ ಬಗೆ. ಒಂದು, ಅರ್ಥ ಕೆಡುವಂಥದ್ದು: ಹಿಂದಿಯವರಿಗೆ ‘ಳ’ ಕಷ್ಟ, ಬೆಳೆ ಹೋಗಿ ಬೆಲೆಯಾದರೆ ರೈತ ಬೆಳೆದದ್ದೇನು ಎಂಬ ಪ್ರಶ್ನೆ ಮಾರುಕಟ್ಟೆಯ ದರದ ಪ್ರಶ್ನೆಯಾಗುತ್ತದೆ. ಇನ್ನೊಂದು, ಮನಸ್ಸು ನೋಯಿಸುವಂಥದ್ದು: ಹಿರಿಯ ರೈತರಿಗೆ ‘ಬಾ, ಕೂತ್ಕೋ’ ಎಂದರೆ ‘ಬನ್ನಿ, ಕೂತ್ಕೊಳ್ಳಿ’ ಎಂದು ಅಲ್ಲೇ ಹೇಳಿಬಿಡಬೇಕು, ಏಕೆಂದರೆ ಸೋಮವಾರ ಅದು ಕೌಂಟರಿನಲ್ಲಿ ಬಾಯಿಗೆ ಬರುತ್ತದೆ.

ಸೌಮ್ಯವಾಗಿ ತಿದ್ದುವವರು ಸಾಮಾನ್ಯವಾಗಿ ಮಾಡುವುದು ಸರಿಯಾದ ರೂಪವನ್ನು ತಮ್ಮ ಉತ್ತರದೊಳಗೆ ಸೇರಿಸಿ ಹೇಳುವುದು. ‘ಬಸ್ ಬಂದ’ ಎಂದರೆ ‘ಓಹೋ, ಬಸ್ ಬಂತಾ?’ ಎನ್ನುವುದು. ಮರ್ಯಾದೆಯ ದಾರಿ ನಿಜ, ಆದರೆ ಇದಕ್ಕೊಂದು ಮಿತಿಯಿದೆ. ಕೆನಡಾದ ಸಂಶೋಧಕರಾದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಫ್ರೆಂಚ್ ಕಲಿಯುವ ಮಕ್ಕಳ ತರಗತಿಗಳನ್ನು ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಬಗೆಯವು; ಆದರೆ ಮಕ್ಕಳು ಅತಿ ಕಡಿಮೆ ಸ್ಪಂದಿಸಿದ್ದೂ ಇದಕ್ಕೇ. ತಿದ್ದಿದ್ದು ಮಾತಿನ ಮುಂದುವರಿಕೆಯಂತೆ ಕೇಳಿಸಿ ತೇಲಿಹೋಗುತ್ತದೆ. ಕಲಿಯುವವರೇ ಸರಿಪಡಿಸಿಕೊಳ್ಳುವಂತೆ ಸುಳಿವು ಕೊಟ್ಟಾಗ ಫಲ ಹೆಚ್ಚು. ‘ಬಸ್…?’ ಎಂದು ನಿಲ್ಲಿಸಿ ಕಾಯಿರಿ. ಅಧಿಕಾರಿ ತಾವೇ ‘ಬಂತು’ ಎಂದರೆ ಅದು ಅವರದಾಯಿತು. ಹೊಳೆಯದಿದ್ದರೆ ಹೇಳಿಕೊಟ್ಟು, ಅವರ ಬಾಯಿಂದ ಒಮ್ಮೆ ಇಡೀ ವಾಕ್ಯ ಹೇಳಿಸಿದರೆ ಸಾಕು.

ಯಾಕೆ ಹಾಗೆ ಎಂದು ಕೇಳಿದರೆ ಗೊತ್ತಿಲ್ಲದ ವ್ಯಾಕರಣ ಹುಟ್ಟಿಸಿ ಹೇಳಬಾರದು. ‘ಕಾರಣ ಗೊತ್ತಿಲ್ಲ ಮೇಡಂ, ನಾವು ಹೀಗೇ ಅಂತೀವಿ’ ಎಂಬುದು ಪ್ರಾಮಾಣಿಕ ಉತ್ತರ. ಹಾಗೆಯೇ ತಪ್ಪು ಯಾವುದು, ಬೇರೆ ಊರಿನ ರೂಢಿ ಯಾವುದು ಎಂದು ಬಿಡಿಸಿ ಹೇಳಬೇಕು. ಅಧಿಕಾರಿ ಎಲ್ಲೋ ಕಲಿತು ‘ಬರ್ತೇನೆ’ ಎಂದರೆ ಅದು ಸರಿಯೇ. ನಮ್ಮ ಕಡೆ ‘ಬರ್ತೀನ್ರೀ’ ಎನ್ನುತ್ತೇವೆ ಎಂದರೆ ಅದು ತಿದ್ದುಪಡಿಯಲ್ಲ, ತಿಳಿವಳಿಕೆ. ಉಚ್ಚಾರಕ್ಕೆ ನಗುವುದಂತೂ ಬೇಡ, ಒಂದು ಸಲ ನಕ್ಕರೂ ಆ ಪದ ಮತ್ತೆ ಬಾಯಿಗೆ ಬರಲು ತಿಂಗಳು ಬೇಕು.

ಈ ವ್ಯವಸ್ಥೆ ಮೇಷ್ಟ್ರ ಬದಲಿಗೆ ಬರುವಂಥದ್ದಲ್ಲ. ಅಕ್ಷರವನ್ನೂ ಮೊದಲ ಪಾಠವನ್ನೂ ಬೇರೆಡೆ ಕಲಿತು ಬಂದರೆ ಶನಿವಾರದ ಹೊತ್ತು ಅಭ್ಯಾಸಕ್ಕೆ ಉಳಿಯುತ್ತದೆ. ಎಂಟು ವಾರವಾದ ಮೇಲೆ ಇಬ್ಬರೂ ಕೂತು ಒಂದು ಲೆಕ್ಕ ನೋಡಬೇಕು: ಪಹಣಿ ಕೇಳಲು ಅಧಿಕಾರಿ ಇನ್ನೂ ಪಕ್ಕದವರನ್ನು ಕರೆಯುತ್ತಿದ್ದಾರೆಯೇ, ಕ್ಯಾಶಿಯರ್ ಹಿಂದಿಯಲ್ಲಿ ಐದು ನಿಮಿಷ ತಡೆಯಿಲ್ಲದೆ ತಮ್ಮ ಕೆಲಸ ವಿವರಿಸಬಲ್ಲರೇ? ಒಬ್ಬರು ಮುಂದೆ ಹೋಗಿ ಇನ್ನೊಬ್ಬರು ಅಲ್ಲೇ ಇದ್ದರೆ ದೋಷ ಬುದ್ಧಿಯಲ್ಲಿರುವುದಕ್ಕಿಂತ ಹಂಚಿಕೆಯಲ್ಲಿರುವ ಸಂಭವವೇ ಹೆಚ್ಚು. ನಿಮಿಷಗಳನ್ನು ಮತ್ತೆ ಎಣಿಸಬೇಕು. ಎರಡು ಮೂರು ಸಲ ಸರಿಪಡಿಸಿದರೂ ಒಂದೇ ಭಾಷೆ ನುಂಗುತ್ತಿದ್ದರೆ, ಸ್ನೇಹ ಉಳಿಸಿಕೊಂಡು ಬೇರೆ ಜೋಡಿ ಹುಡುಕುವುದು ಇಬ್ಬರಿಗೂ ಒಳ್ಳೆಯದು.