ಸಂಕೋಚಕ್ಕೆ ಅರ್ಧ ಅಂಕ ಖೋತಾ

ಇಪ್ಪತ್ತು ಜನರಿರುವ ಕಂಪನಿಯಲ್ಲಿ ಯಾರು ಎಷ್ಟು ದುಡಿದರು ಎಂಬುದು ಮಾಲೀಕರ ಕಣ್ಣೆದುರೇ ಇರುತ್ತದೆ. ಅದೇ ಇಪ್ಪತ್ತು ಎರಡೇ ವರ್ಷದಲ್ಲಿ ಇನ್ನೂರಾದರೆ ಅಪ್ರೈಸಲ್ ಲೆಕ್ಕ ತಂತ್ರಾಂಶದ ಕೈಗೆ ಹೋಗುತ್ತದೆ. ಅಂಥದ್ದೊಂದು ಮುಕ್ತ ತಂತ್ರಾಂಶ ಮುಂಬೈ ಮೂಲದ ‘ಫ್ರಾಪ್ಪೆ ಎಚ್‌ಆರ್’. ಅದು ಅಂಕ ಕೊಡುವ ಬಗೆ ನೋಡೋಣ.

ಗ್ರಾಹಕ ಸೇವಾ ತಂಡದ ಒಬ್ಬಾಕೆ ಇದ್ದಾರೆ ಅಂದುಕೊಳ್ಳಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಒಂದು ಅಪ್ರೈಸಲ್ ಸೈಕಲ್. ಅವರ ಹೊಣೆ ಮೂರು: ದೂರು ಪರಿಹಾರಕ್ಕೆ 50, ಹೊಸಬರ ತರಬೇತಿಗೆ 30, ಕೈಪಿಡಿ ಬರೆಯುವುದಕ್ಕೆ 20. ಈ ತೂಕಗಳು ಕೂಡಿ ನೂರಾಗಬೇಕು. ಪ್ರತಿ ಹೊಣೆಯ ಕೆಳಗೆ ಗುರಿಗಳಿರುತ್ತವೆ. ಆಕೆ ಪ್ರಗತಿ ನಮೂದಿಸುತ್ತ ಹೋದಂತೆ ತಂತ್ರಾಂಶ ಸರಾಸರಿ ತೆಗೆಯುತ್ತದೆ. ದೂರು ಪರಿಹಾರದಡಿ ಎರಡು ಗುರಿ. ಒಂದು ಪೂರ್ತಿ ಮುಗಿದಿದೆ, ಇನ್ನೊಂದು ಶೇ 40. ಸರಾಸರಿ 70, ಅಂದರೆ 50ಕ್ಕೆ 35. ತರಬೇತಿ ಶೇ 80 ಆಗಿದ್ದರೆ 24, ಕೈಪಿಡಿ ಅರ್ಧವಾಗಿದ್ದರೆ 10. ಒಟ್ಟು 69. ಐದರ ಅಳತೆಗೆ ಇಳಿಸಿದರೆ 3.45.

ಆದರೆ ಆ ಶೇ 40ರ ಗುರಿ ನಿಂತದ್ದು ಆಕೆಯಿಂದಲ್ಲ. ಕಂಪನಿಯೇ ಜನವರಿಯಲ್ಲಿ ಆ ಯೋಜನೆ ಕೈಬಿಟ್ಟಿತ್ತು. ಬೆಳೆಯುವ ಕಂಪನಿಯಲ್ಲಿ ಇದು ದಿನನಿತ್ಯದ ಮಾತು. ಹಾಗೆ ಬಿಟ್ಟ ಗುರಿಯನ್ನು ‘ಆರ್ಕೈವ್’ ಮಾಡಿದರೆ ಅದು ಸರಾಸರಿಯಿಂದ ಹೊರಗುಳಿಯುತ್ತದೆ. ಆಗ ದೂರು ಪರಿಹಾರಕ್ಕೆ ಪೂರ್ತಿ 50, ಒಟ್ಟು 84, ಅಂಕ 4.2. ಮ್ಯಾನೇಜರ್ ಬದಲಾದಾಗ ಈ ಒಂದು ಕ್ಲಿಕ್ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಗುಂಡಿ ಇದಕ್ಕಿಂತ ಆಳದ್ದು. ಬೇರೆ ಸೂತ್ರ ಕೊಡದಿದ್ದರೆ ಗುರಿಯ ಅಂಕ, ಸಹೋದ್ಯೋಗಿಗಳ ಫೀಡ್‌ಬ್ಯಾಕ್, ಸ್ವಮೌಲ್ಯಮಾಪನ ಮೂರಕ್ಕೂ ಸಮಪಾಲು. ಗುರಿಗೆ 3.45, ಫೀಡ್‌ಬ್ಯಾಕ್ 4 ಎಂದಿಟ್ಟುಕೊಳ್ಳಿ. ತನಗೆ ತಾನೇ 4.5 ಕೊಟ್ಟುಕೊಂಡವರ ಅಂತಿಮ ಅಂಕ 3.98. ‘ನನ್ನನ್ನು ನಾನೇ ಹೊಗಳಿಕೊಳ್ಳುವುದೇ?’ ಎಂದು 3 ಬರೆದವರಿಗೆ 3.48. ಕೆಲಸ ಒಂದೇ, ಅರ್ಧ ಅಂಕ ವ್ಯತ್ಯಾಸ. ಇಂಕ್ರಿಮೆಂಟ್‌ಗೆ 3.5ರ ಗೆರೆ ಎಳೆದಿದ್ದರಂತೂ ಸಂಕೋಚದವರು ಆಚೆಗೇ ಉಳಿದರು. ಸೈಕಲ್ ರೂಪಿಸುವಾಗಲೇ ಸೂತ್ರ ಬದಲಿಸಬಹುದು. ಗುರಿಗೆ ಶೇ 70, ಫೀಡ್‌ಬ್ಯಾಕ್‌ಗೆ ಶೇ 30 ಎಂದರೆ ಇಬ್ಬರಿಗೂ 3.62 ಸಿಗುತ್ತದೆ. ಸ್ವಮೌಲ್ಯಮಾಪನವನ್ನು ಮಾತುಕತೆಗೆ ಇಟ್ಟುಕೊಂಡರೆ ಸಾಕು, ಅಂಕಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ.

ಚಾಲಾಕಿಗಳಿಗೂ ಒಂದು ದಾರಿಯಿದೆ. ಒಂದೇ ಹೊಣೆಯೊಳಗೆ ಗುರಿ ಚಿಕ್ಕದೋ ದೊಡ್ಡದೋ, ಸರಾಸರಿಯಲ್ಲಿ ಎಲ್ಲಕ್ಕೂ ಒಂದೇ ಬೆಲೆ. ಮುಗಿದ ಮೂರು ಪುಡಿ ಕೆಲಸಗಳನ್ನು ಗುರಿಗಳೆಂದು ಸೇರಿಸಿದರೆ ಆ 70 ನೇರ 88 ಆಗುತ್ತದೆ. ಪತ್ತೆಹಚ್ಚುವುದು ಕಷ್ಟವಲ್ಲ: ಗುರಿ ಸೃಷ್ಟಿಯಾದ ದಿನಾಂಕ ದಾಖಲೆಯಲ್ಲೇ ಇರುತ್ತದೆ. ಮಾರ್ಚ್ ಕೊನೆಯ ವಾರ ಹುಟ್ಟಿ ಅದೇ ವಾರ ಶೇ 100 ಮುಟ್ಟಿದವುಗಳನ್ನು ಮೊದಲು ತೆರೆದು ನೋಡಬೇಕು.