ಗ್ರೂಪ್ ಫೋಟೊದಲ್ಲಿ ಮುಖ ಬದಲಿಸಲು ಎಷ್ಟಾಗುತ್ತದೆ?

ಮದುವೆ ಆಲ್ಬಂ ಪ್ರಿಂಟ್‌ಗೆ ಹೋಗುವ ಮುಂಚೆ ಸ್ಟುಡಿಯೋಗೆ ಒಂದು ಕೋರಿಕೆ ಬರುತ್ತದೆ: "ಗ್ರೂಪ್ ಫೋಟೊದಲ್ಲಿ ದೊಡ್ಡಪ್ಪ ಕಣ್ಣು ಮುಚ್ಚಿದ್ದಾರೆ, ಬೇರೆ ಮುಖ ಹಾಕಿ. ಅವತ್ತು ಬರಲಾಗದ ತಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಡಿ." ಕೇಳುವವರಿಗೆ ಎರಡೂ ಒಂದೇ ಬಗೆಯ ಕೆಲಸ. ಗಂಟೆಗೆ 400 ರೂಪಾಯಿ ದರವಿರುವ ಸ್ಟುಡಿಯೋ ಒಂದು ಮೊದಲನೆಯದಕ್ಕೆ 200, ಎರಡನೆಯದಕ್ಕೆ 1,600 ರೂಪಾಯಿ ಎಂದು ಈಮೇಲ್ ಬರೆಯಿತು ಎಂದುಕೊಳ್ಳಿ. ಇಷ್ಟೇಕೆ ವ್ಯತ್ಯಾಸ?

ಬೆಲೆ ನಿಂತಿರುವುದು ಹೊಸ ಮುಖ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ. ಗ್ರೂಪ್ ಫೋಟೊ ತೆಗೆಯುವಾಗ ಫೋಟೊಗ್ರಾಫರ್ ಒಂದರ ಹಿಂದೆ ಒಂದು ನಾಲ್ಕೈದು ಕ್ಲಿಕ್ ಮಾಡಿರುತ್ತಾರೆ. ಅವುಗಳಲ್ಲೊಂದರಲ್ಲಿ ದೊಡ್ಡಪ್ಪ ಕಣ್ಣು ಬಿಟ್ಟಿದ್ದರೆ ಬೆಳಕು, ಕೋನ, ಗಾತ್ರ ಎಲ್ಲವೂ ಆಗಲೇ ಹೊಂದಿಕೊಂಡಿರುತ್ತವೆ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ತಲೆಯ ಭಾಗವನ್ನಷ್ಟೇ ಉಳಿಸಿಕೊಂಡು, ಕತ್ತು ಮತ್ತು ಶಾಲಿನ ಅಂಚು ಸರಿಮಾಡಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ತಮ್ಮನ ಫೋಟೊ ಮೊಬೈಲ್‌ನಲ್ಲಿ, ಹೊರಗೆ ಬಿಸಿಲಲ್ಲಿ ತೆಗೆದದ್ದು. ಬೆಳಕು ಎಡಗಡೆಯಿಂದ ಬಿದ್ದಿದೆ. ಮಂಟಪದಲ್ಲಿ ಫ್ಲಾಶ್ ಎದುರಿನಿಂದ ಹೊಡೆದಿದೆ. ಕೂದಲಿನ ಅಂಚು ಬಿಡಿಸಬೇಕು, ಮುಖದ ಬಣ್ಣ ಹೊಂದಿಸಬೇಕು, ಪಕ್ಕದವರ ಭುಜದ ಮೇಲೆ ಅವನ ನೆರಳನ್ನು ಹೊಸದಾಗಿ ಬರೆಯಬೇಕು. ನಾಲ್ಕು ಗಂಟೆ ಹಿಡಿಯುವುದು ಇದಕ್ಕೇ. ಅವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸೋಣ ಎಂದು ಸ್ಟುಡಿಯೋದವರು ಹೇಳುವುದಕ್ಕೂ ಕಾರಣವಿದೆ. ಅಲ್ಲಿ ಎದೆಯಿಂದ ಮೇಲೆ ಕಂಡರೆ ಸಾಕು, ಕಾಲು ನೆಲ ಮುಟ್ಟಿದಂತೆ ತೋರಿಸುವ ಕಷ್ಟ ತಪ್ಪುತ್ತದೆ.

ಕೆಲವು ಸಲ ದುಡ್ಡು ಕೊಟ್ಟರೂ ಆಗುವುದಿಲ್ಲ. 6,000 ಪಿಕ್ಸೆಲ್ ಅಗಲದ ಗ್ರೂಪ್ ಫೋಟೊದಲ್ಲಿ ಒಂದು ಮುಖ 300 ಪಿಕ್ಸೆಲ್ ಇದ್ದರೆ, 18 ಇಂಚು ಅಗಲದ ಪ್ರಿಂಟ್‌ನಲ್ಲಿ ಅದು ಸುಮಾರು ಒಂದು ಇಂಚು ಬರುತ್ತದೆ. ತಮ್ಮನ ಫೋಟೊದಲ್ಲಿ ಮುಖ 80 ಪಿಕ್ಸೆಲ್ ಮಾತ್ರ ಇದ್ದರೆ ಹಿಗ್ಗಿಸಿದಾಗ ಮಸುಕಾಗಿ, ಅವನೊಬ್ಬನೇ ಬೇರೆಯಾಗಿ ಕಾಣುತ್ತಾನೆ. ಅದಕ್ಕೇ ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನುತ್ತಾರೆ. ಹಾಗೆ ಕಳಿಸಿದರೆ ಫೈಲ್ ಕುಗ್ಗುವುದಿಲ್ಲ. ಮುಖ ಒಂದು ಕಡೆ ತಿರುಗಿದ್ದರೆ, ಎಲ್ಲರೂ ಕ್ಯಾಮೆರಾ ನೋಡುತ್ತಿರುವ ಸಾಲಿಗೆ ಅದು ಕೂರುವುದಿಲ್ಲ.

ಒಳ್ಳೆಯ ಈಮೇಲ್ ಒಟ್ಟು 1,800 ರೂಪಾಯಿ ಎಂದು ಬರೆದು ನಿಲ್ಲಿಸುವುದಿಲ್ಲ. ಎಷ್ಟು ಸಲ ತಿದ್ದಿಕೊಡುತ್ತಾರೆ, ಪ್ರಿಂಟ್ ಇದರಲ್ಲಿ ಸೇರಿದೆಯೇ, ಬೇರೆ ಫೋಟೊ ಕಳಿಸಿದರೆ ದರ ಬದಲಾಗುತ್ತದೆಯೇ ಎಂಬುದನ್ನೂ ಹೇಳುತ್ತದೆ. ಪ್ರೂಫ್ ಬಂದಾಗ ಕತ್ತಿನ ಬಣ್ಣ, ಕಿವಿಯ ಹಿಂದಿನ ಕೂದಲು, ನೆರಳು ಬಿದ್ದ ದಿಕ್ಕು ಇವಿಷ್ಟನ್ನು ದೊಡ್ಡದು ಮಾಡಿ ನೋಡಿ. ಕೆಲಸ ಕೆಟ್ಟಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ. ಪ್ರಿಂಟ್‌ಗೆ ಒಪ್ಪಿಗೆ ಕೊಡುವ ಮುಂಚೆಯೇ ಅದನ್ನು ಹೇಳಿಬಿಡಿ.